ಕೆಳಗೆ ಕಾಂಕ್ರೀಟು, ಮೇಲೆ ಹಲಗೆ: ಎರಡು ಬಗೆಯ ಥರ್ಮೋಕೋಲ್ ಗೋಡೆ ಕಟ್ಟಿದ ಅನುಭವ

ನಾವು ಮನೆ ಕಟ್ಟಿದ ಜಾಗ ಇಳಿಜಾರಿನದು. ಕೆಳ ಅಂತಸ್ತಿನ ಹಿಂಬದಿಯ ಗೋಡೆ ಎದೆಮಟ್ಟದವರೆಗೆ ಮಣ್ಣಿನಲ್ಲಿ ಹುದುಗಿರಬೇಕಿತ್ತು, ಮೇಲಂತಸ್ತು ಪೂರ್ತಿ ಬಯಲಿಗೆ. ನಕ್ಷೆ ನೋಡಿದ ಇಂಜಿನಿಯರ್ ಎರಡಕ್ಕೂ ಒಂದೇ ಗೋಡೆ ಬೇಡ ಎಂದರು. ಮಣ್ಣು ತಾಗುವ ಕೆಳಭಾಗಕ್ಕೆ ಥರ್ಮೋಕೋಲ್ ಬ್ಲಾಕಿನೊಳಗೆ ಕಾಂಕ್ರೀಟ್ ಸುರಿಯುವ ಐಸಿಎಫ್, ಮೇಲಕ್ಕೆ ಎರಡು ತೆಳು ಮರದ ಹಲಗೆಗಳ ನಡುವೆ ಥರ್ಮೋಕೋಲ್ ಅಂಟಿಸಿದ ಸಿಪ್. ಎರಡೂ ಬೇಗ ಏಳುತ್ತವೆ, ಎರಡೂ ಬಿಸಿಲು ಚಳಿಯನ್ನು ಚೆನ್ನಾಗಿ ತಡೆಯುತ್ತವೆ, ಎರಡರಲ್ಲೂ ಆ ಕೆಲಸ ಮಾಡುವುದು ನಾವು ಥರ್ಮೋಕೋಲ್ ಎನ್ನುವ ಅದೇ ಬಿಳಿ ನೊರೆ. ಆದರೆ ಕಟ್ಟುವಾಗ ಎರಡರ ಸ್ವಭಾವವೂ ತೀರಾ ಬೇರೆ ಎಂದು ಗೊತ್ತಾಯಿತು. ಹೆಚ್ಚು ಕಲಿಸಿದ್ದು ಎರಡು ದಿನಗಳು: ಕೆಳಗೆ ಕಾಂಕ್ರೀಟ್ ಹಾಕಿದ ದಿನ, ಮೇಲೆ ಗಾಳಿ ಸೋರಿಕೆ ಪರೀಕ್ಷಿಸಿದ ದಿನ.

ಐಸಿಎಫ್ ಎಂದರೆ ಬಿಚ್ಚದೆ ಬಿಡುವ ಸೆಂಟ್ರಿಂಗ್. ಎರಡು ಥರ್ಮೋಕೋಲ್ ಹಲಗೆಗಳು, ನಮ್ಮದರಲ್ಲಿ ತಲಾ 63 ಮಿ.ಮೀ. ದಪ್ಪ. ಅವುಗಳ ನಡುವೆ 150 ಮಿ.ಮೀ. ಖಾಲಿ ಜಾಗ. ಎರಡನ್ನೂ ಹಿಡಿದಿಡಲು ಅಡ್ಡಕ್ಕೆ ಪ್ಲಾಸ್ಟಿಕ್ ಪಟ್ಟಿಗಳು. ಒಂದು ಬ್ಲಾಕ್ 1.2 ಮೀಟರ್ ಉದ್ದ, 40 ಸೆಂ.ಮೀ. ಎತ್ತರ, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಒಂದರ ಮೇಲೊಂದು ಹಲ್ಲು ಕೂಡಿಸಿ ಇಟ್ಟು, ಒಳಗೆ ಕಂಬಿ ಕಟ್ಟಿ, ಮೇಲಿನಿಂದ ಕಾಂಕ್ರೀಟ್ ಸುರಿದರೆ ಗೋಡೆ ಆಯಿತು. ಥರ್ಮೋಕೋಲ್ ಅಲ್ಲೇ ಉಳಿಯುತ್ತದೆ.

ನಮ್ಮ ಕೆಳ ಅಂತಸ್ತು 10 ಮೀಟರಿಗೆ 8 ಮೀಟರ್, ಸುತ್ತಳತೆ 36. ಏಳು ವರಸೆ ಇಟ್ಟರೆ 2.8 ಮೀಟರ್ ಎತ್ತರ. ಬಾಗಿಲು ಕಿಟಕಿ ಕಳೆದು ಸುಮಾರು 85 ಚದರ ಮೀಟರ್ ಗೋಡೆ, ಅಂದರೆ 177 ಬ್ಲಾಕು. ಕತ್ತರಿಸಿ ಹಾಳಾಗುವುದಕ್ಕೆಂದು 190 ತರಿಸಿದೆವು.

ಮೊದಲ ವರಸೆಗೇ ಅರ್ಧ ದಿನ ಹೋಯಿತು. ಪಾಯದ ಮೇಲ್ಮೈ ಒಂದು ಮೂಲೆಯಲ್ಲಿ 14 ಮಿ.ಮೀ. ತಗ್ಗಿತ್ತು. ಇಟ್ಟಿಗೆ ಗೋಡೆಯಾಗಿದ್ದರೆ ಗಾರೆಯಲ್ಲೇ ಸರಿದೂಗಿಸಬಹುದಿತ್ತು. ಇಲ್ಲಿ ಗಾರೆಯೇ ಇಲ್ಲ. ತಳದ ತಪ್ಪು ಹಾಗೆಯೇ ಮೇಲೇರಿ ಏಳನೆಯ ವರಸೆಯಲ್ಲಿ ಸಂದು ಬಾಯಿ ಬಿಡುತ್ತದೆ. ಮೇಸ್ತ್ರಿ ಟ್ಯೂಬ್ ಲೆವೆಲ್ ಹಿಡಿದು ಸುತ್ತಲೂ ಗುರುತು ಹಾಕಿದರು. ಎತ್ತರ ಇದ್ದ ಕಡೆ ಬ್ಲಾಕಿನ ಅಡಿ ಕೆರೆದು, ತಗ್ಗಿದ್ದ ಕಡೆ ಬೆಣೆ ಕೊಟ್ಟು ನೊರೆ ಅಂಟು ತುಂಬಿಸಿ, ವರಸೆ ಸಮ ಬಂದ ಮೇಲೆಯೇ ಎರಡನೆಯದಕ್ಕೆ ಕೈ ಹಾಕಿದರು. ಉಳಿದ ಆರು ವರಸೆ ಎರಡೂವರೆ ದಿನದಲ್ಲಿ ಏರಿದವು. ನಾಲ್ಕನೆಯ ದಿನವೆಲ್ಲ ಕಿಟಕಿ ಬಾಗಿಲಿನ ಮರದ ಚೌಕಗಳಿಗೂ, ಗೋಡೆಯನ್ನು ಒಳಗಡೆಯಿಂದ ನೆಟ್ಟಗೆ ಹಿಡಿಯುವ ಕಬ್ಬಿಣದ ಆನಿಕೆಗಳಿಗೂ ಸರಿಹೋಯಿತು. ಆ ಆನಿಕೆಗಳ ಕಾಲಿನಲ್ಲಿ ತಿರುಪು ಇರುತ್ತದೆ. ಕಾಂಕ್ರೀಟ್ ಹಸಿಯಾಗಿರುವಾಗಲೇ ಅದನ್ನು ತಿರುಗಿಸಿ ಗೋಡೆಯನ್ನು ದಾರಕ್ಕೆ ತರಬೇಕು. ಗಟ್ಟಿಯಾದ ಮೇಲೆ ಸೊಟ್ಟಗಿದ್ದದ್ದು ಸೊಟ್ಟಗೇ.

ಇನ್ನು ಕಾಂಕ್ರೀಟಿನ ದಿನ. ಇಲ್ಲಿ ಒಂದು ಲೆಕ್ಕ ಅರ್ಥ ಮಾಡಿಕೊಂಡಿದ್ದರೆ ಮುಕ್ಕಾಲು ಅಪಾಯ ತಪ್ಪುತ್ತದೆ. ಹಸಿ ಕಾಂಕ್ರೀಟು ನೀರಿನ ಹಾಗೆ ಪಕ್ಕಕ್ಕೆ ಒತ್ತುತ್ತದೆ, ಅದರ ತೂಕ ನೀರಿನ ಎರಡೂವರೆ ಪಾಲಿನ ಹತ್ತಿರ. 2.8 ಮೀಟರನ್ನೂ ಒಂದೇ ಸಲ ತುಂಬಿದರೆ ಬುಡದ ಬ್ಲಾಕಿನ ಮೇಲೆ ಚದರ ಮೀಟರಿಗೆ ಹತ್ತಿರಹತ್ತಿರ 7 ಟನ್ ಒತ್ತಡ ಬೀಳುತ್ತದೆ. 63 ಮಿ.ಮೀ. ಥರ್ಮೋಕೋಲು ಅದನ್ನು ತಾಳುವುದಿಲ್ಲ. ಅದಕ್ಕೇ ಸುತ್ತು ಸುತ್ತಾಗಿ ಹಾಕುತ್ತಾರೆ. ನಾವು ಮೂರು ಸುತ್ತಿನಲ್ಲಿ ಹಾಕಿದೆವು, ಪ್ರತಿ ಸುತ್ತಿಗೂ 90 ಸೆಂ.ಮೀ.ಗಿಂತ ತುಸು ಹೆಚ್ಚು ಎತ್ತರ, ಸುಮಾರು 4.2 ಘನ ಮೀಟರ್ ಕಾಂಕ್ರೀಟ್. ಒಂದು ಸುತ್ತು ಮುಗಿಸಿ ಶುರು ಮಾಡಿದ ಮೂಲೆಗೆ ವಾಪಸು ಬರುವಷ್ಟರಲ್ಲಿ ಗಂಟೆಗೂ ಮಿಕ್ಕಿ ಆಗಿರುತ್ತದೆ, ಕೆಳಗಿನದು ಬಿಗಿಯಲು ತೊಡಗಿರುತ್ತದೆ. ಹೀಗಾಗಿ ಒತ್ತಡ ಎರಡು ಎರಡೂಕಾಲು ಟನ್ನಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಚಳಿಯಿದ್ದರೆ ಕಾಂಕ್ರೀಟು ನಿಧಾನಕ್ಕೆ ಬಿಗಿಯುತ್ತದೆ, ಆಗ ಸುತ್ತಿನ ನಡುವೆ ಇನ್ನಷ್ಟು ಕಾಯಬೇಕು.

ಮಿಶ್ರಣದ ಬಗ್ಗೆಯೂ ಇಂಜಿನಿಯರ್ ಕಟ್ಟುನಿಟ್ಟಾಗಿದ್ದರು. 20 ಮಿ.ಮೀ. ಜಲ್ಲಿ ಬೇಡ, 10–12 ಮಿ.ಮೀ.ಯದೇ ಬೇಕು, ಏಕೆಂದರೆ 150 ಮಿ.ಮೀ. ಜಾಗದಲ್ಲಿ ಕಂಬಿಯೂ ಪ್ಲಾಸ್ಟಿಕ್ ಪಟ್ಟಿಯೂ ಇವೆ, ದೊಡ್ಡ ಜಲ್ಲಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಲಂಪ್, ಅಂದರೆ ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಎಂಬ ಅಳತೆ, 125ರಿಂದ 150 ಮಿ.ಮೀ. ಇರಬೇಕು, ಅದನ್ನು ನೀರು ಸುರಿದು ತರಕೂಡದು, ಕಾಂಕ್ರೀಟು ಸಲೀಸಾಗಿ ಹರಿಯುವಂತೆ ಮಾಡುವ ಪ್ಲಾಸ್ಟಿಸೈಸರ್ ಹಾಕಿ ತರಬೇಕು.

ಎರಡನೆಯ ಸುತ್ತಿನಲ್ಲಿ, ಮೂಲೆಯಿಂದ ಎರಡನೆಯ ಬ್ಲಾಕಿನ ಹತ್ತಿರ ಕರಕರ ಸದ್ದು. ನಾನು ನೋಡುತ್ತಿದ್ದ ಹಾಗೇ ಥರ್ಮೋಕೋಲು ತಟ್ಟೆಯಷ್ಟಗಲ ಉಬ್ಬಿತು.

"ಪಂಪ್ ನಿಲ್ಸಿ! ಸಾರ್, ಆ ಹಲಗೆ ಕೊಡಿ," ಎಂದು ಮೇಸ್ತ್ರಿ ಕೂಗಿದರು. ಪ್ಲೈವುಡ್ ತುಂಡುಗಳನ್ನೂ ಉದ್ದ ಸ್ಕ್ರೂಗಳನ್ನೂ ನಾಲ್ಕೂ ಮೂಲೆಯಲ್ಲಿ ಬೆಳಿಗ್ಗೆಯೇ ಇಡಿಸಿದ್ದರು. ಒಬ್ಬ ಕಾಲಿನಿಂದ ಹಲಗೆಯನ್ನು ಒತ್ತಿ ಹಿಡಿದ. ಇನ್ನೊಬ್ಬ ಉಬ್ಬಿನ ಎರಡೂ ಬದಿಯ ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳಿಗೆ ಸ್ಕ್ರೂ ಬಿಗಿದು, ಹಿಂದಿನಿಂದ ಮರದ ಆನಿಕೆ ಕೊಟ್ಟ. ಹತ್ತು ನಿಮಿಷ ಬೇರೆ ಕಡೆ ಹಾಕಿ ಬಂದರು. ಆಮೇಲೆ ನೋಡಿದರೆ ಅಲ್ಲಿ ಕಿಟಕಿ ಚೌಕಕ್ಕೆಂದು ಬ್ಲಾಕ್ ಕತ್ತರಿಸುವಾಗ ಒಂದು ಪ್ಲಾಸ್ಟಿಕ್ ಪಟ್ಟಿಯೇ ತುಂಡಾಗಿತ್ತು. ಬ್ಲಾಕ್ ಕತ್ತರಿಸಿದ ಕಡೆಯೆಲ್ಲ ಕಾಂಕ್ರೀಟಿಗೆ ಮೊದಲೇ ಹೊರಗಿನಿಂದ ಹಲಗೆ ಬಿಗಿದಿಡಬೇಕೆಂಬುದು ನನ್ನ ಮನಸ್ಸಿನಲ್ಲಿ ಅಂದೇ ಗಟ್ಟಿಯಾಯಿತು. ಉಬ್ಬಿದ್ದು ಕಣ್ಣಿಗೆ ಕಂಡಿತು, ಸದ್ದೂ ಕೇಳಿಸಿತು, ಸರಿಯಾಯಿತು.

ಕಾಣದೆ ಉಳಿದದ್ದೇ ನನ್ನನ್ನು ಹೆಚ್ಚು ಕಾಡಿತು. ಮಾಮೂಲಿ ಸೆಂಟ್ರಿಂಗ್ ಬಿಚ್ಚಿದಾಗ ಕಾಂಕ್ರೀಟಿನ ಮುಖ ಕಾಣುತ್ತದೆ, ಜಲ್ಲಿ ಬಾಯಿ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಐಸಿಎಫ್‌ನಲ್ಲಿ ಬಿಚ್ಚುವುದೇ ಇಲ್ಲ. ತಟ್ಟಿದರೆ ಎಲ್ಲ ಕಡೆಯೂ ಥರ್ಮೋಕೋಲಿನ ಮಂಕು ಸದ್ದೇ. ಕಾಂಕ್ರೀಟಿನ ಲೆಕ್ಕ ನೋಡೋಣವೆಂದರೆ, ಬೇಕಾದದ್ದು 12.7 ಘನ ಮೀಟರ್, ಹೋದದ್ದೂ ಹೆಚ್ಚುಕಡಿಮೆ ಅಷ್ಟೇ. ಬಕೆಟ್ಟಿನಷ್ಟು ದೊಡ್ಡ ಪೊಳ್ಳು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಹಾಗಾಗಿ ವಾರದ ನಂತರ ಅನುಮಾನ ಇರುವ ಜಾಗಗಳಲ್ಲಿ ಕೈಯಗಲ ಥರ್ಮೋಕೋಲು ಕತ್ತರಿಸಿ ನೋಡಲು ಇಂಜಿನಿಯರ್ ಹೇಳಿದರು: ಕಿಟಕಿಗಳ ಕೆಳಗೆ, ಕಂಬಿ ಒತ್ತಾಗಿರುವ ಮೂಲೆಗಳಲ್ಲಿ, ಲಿಂಟಲ್ ತುದಿಗಳಲ್ಲಿ.

ಒಂಬತ್ತು ಕಡೆ ಕತ್ತರಿಸಿದೆವು. ಎಂಟು ಕಡೆ ಮುಖ ನುಣುಪಾಗಿತ್ತು. ಒಂಬತ್ತನೆಯದು ಅಗಲ ಕಿಟಕಿಯ ಕೆಳಗೆ. ಅಲ್ಲಿ ಸುಮಾರು 40 ಸೆಂ.ಮೀ. ಉದ್ದ, ಗೇಣೆತ್ತರ ಖಾಲಿ, ಕಂಬಿ ಬೆತ್ತಲೆ. ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಬೇರೆ ಕಿಟಕಿಗಳ ಚೌಕದ ತಳಹಲಗೆಯಲ್ಲಿ ಬಡಗಿ ಎರಡೆರಡು ದೊಡ್ಡ ಕಿಂಡಿ ಬಿಟ್ಟಿದ್ದರು, ಅದರಲ್ಲಿ ಕಾಂಕ್ರೀಟು ಸುರಿದು ವೈಬ್ರೇಟರ್ ಇಳಿಸಿ ತುಂಬಿಸಿದ್ದರು. ಇದೊಂದರ ತಳಹಲಗೆ ಮಾತ್ರ ಇಡಿಯಾಗಿತ್ತು. ಎರಡೂ ಪಕ್ಕದಿಂದ ಹರಿದು ಬಂದ ಕಾಂಕ್ರೀಟು ನಡುವೆ ಕೂಡಿರಲಿಲ್ಲ, ಗಾಳಿ ಹೊರಹೋಗಲು ದಾರಿಯೂ ಇರಲಿಲ್ಲ. ಸಡಿಲವಿದ್ದದ್ದನ್ನು ಉಳಿಯಿಂದ ಕೆತ್ತಿ ತೆಗೆದು, ನೀರು ಹಾಕಿ ನೆನೆಸಿ, ಹಲಗೆ ಕಟ್ಟಿ, ಕುಗ್ಗದ ಗ್ರೌಟ್ ತುಂಬಿದೆವು. ಅರ್ಧ ದಿನದ ಕೆಲಸ. ಕತ್ತರಿಸಿದ ಥರ್ಮೋಕೋಲನ್ನು ನೊರೆ ಅಂಟು ಹಾಕಿ ಮತ್ತೆ ಅಲ್ಲೇ ಕೂಡಿಸಿದೆವು. ಐಸಿಎಫ್ ಕಟ್ಟುವ ಯಾರಿಗಾದರೂ ನಾನು ಒಂದೇ ಮಾತು ಹೇಳಬಹುದಾದರೆ ಇದನ್ನೇ ಹೇಳುತ್ತೇನೆ: ಕಿಟಕಿಯ ತಳಹಲಗೆಯಲ್ಲಿ ಕಿಂಡಿ ಇದೆಯೇ ಎಂದು ಪಂಪ್ ಬರುವ ಮೊದಲು ನೀವೇ ಕಣ್ಣಾರೆ ನೋಡಿ.

ಮಣ್ಣಿನ ಕಡೆಯ ಗೋಡೆಗೆ ಇನ್ನೆರಡು ಎಚ್ಚರ ಬೇಕಾಯಿತು. ನೀರು ತಡೆಗೆ ಮೇಸ್ತ್ರಿ ಎಂದಿನ ಡಾಂಬರು ಬಳಿಯಲು ಹೊರಟಿದ್ದರು. ಸಾಲ್ವೆಂಟ್ ಇರುವ ಡಾಂಬರು ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಒಂದು ಚೂರಿನ ಮೇಲೆ ಹಚ್ಚಿ ತೋರಿಸಿದೆ, ಕಣ್ಣೆದುರೇ ಗುಳಿ ಬಿತ್ತು. ಕೊನೆಗೆ ಅಂಟಿಸುವ ಮೆಂಬ್ರೇನ್ ಹಾಕಿದೆವು. ಎರಡನೆಯದು ಗೆದ್ದಲು. ಅದು ಥರ್ಮೋಕೋಲನ್ನು ತಿಂದು ಬದುಕುವುದಿಲ್ಲ, ಆದರೆ ಕೊರೆದು ದಾರಿ ಮಾಡಿಕೊಳ್ಳುತ್ತದೆ, ಆ ದಾರಿ ಹೊರಗೆ ಕಾಣುವುದಿಲ್ಲ. ನೆಲಮಟ್ಟದ ಮೇಲೆ ಒಂದು ಗೇಣು ಥರ್ಮೋಕೋಲ್ ತೆಗೆದು ಕಾಂಕ್ರೀಟು ಕಾಣುವ ಹಾಗೆ ಪಟ್ಟಿ ಬಿಟ್ಟಿದ್ದೇವೆ. ಅಲ್ಲಿ ಮಣ್ಣಿನ ಗೆರೆ ಎದ್ದರೆ ಕಣ್ಣಿಗೆ ಬೀಳುತ್ತದೆ. ಆ ಪಟ್ಟಿಯಲ್ಲಿ ಶಾಖ ತಡೆ ಕಡಿಮೆ ಎಂಬುದು ಗೊತ್ತು, ಗೊತ್ತಿದ್ದೇ ಒಪ್ಪಿಕೊಂಡೆ. ಅಂದ ಹಾಗೆ, ಮೇಲಿನ ಸ್ಲ್ಯಾಬ್ ಬಿದ್ದು ಗೋಡೆಯ ತಲೆಗೆ ಹಿಡಿತ ಸಿಗುವವರೆಗೂ ಹಿಂದುಗಡೆ ಮಣ್ಣು ತುಂಬಿಸಲಿಲ್ಲ.

ಸ್ಲ್ಯಾಬಿನ ಮೇಲೆ ಸಿಪ್. ಈ ಯೋಚನೆ ಹಳೆಯದು. ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯ 1930ರ ದಶಕದಲ್ಲೇ ಹೊರಪದರವೇ ಭಾರ ಹೊರುವ ಹಲಗೆಗಳ ಪ್ರಯೋಗ ಮಾಡಿತ್ತು. ನಮ್ಮ ಹಲಗೆಯಲ್ಲಿ ಎರಡು ಬದಿಗೂ 11 ಮಿ.ಮೀ. ಓಎಸ್‌ಬಿ, ಅಂದರೆ ಮರದ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ತೆಳು ಹಲಗೆ. ನಡುವೆ 143 ಮಿ.ಮೀ. ಥರ್ಮೋಕೋಲು, ಒಟ್ಟು 165. 1.2 ಮೀಟರ್ ಅಗಲ, 2.6 ಮೀಟರ್ ಎತ್ತರದ ಒಂದು ಹಲಗೆ 52 ಕಿಲೋ ತೂಗುತ್ತದೆ, ಇಬ್ಬರು ಎತ್ತಿ ನಿಲ್ಲಿಸಬಹುದು. ಚದರ ಮೀಟರಿಗೆ ಸುಮಾರು 17 ಕಿಲೋ ಆಯಿತು. ಕೆಳಗಿನ ಗೋಡೆಯಲ್ಲಿ ಬರೀ ಕಾಂಕ್ರೀಟೇ 360 ಕಿಲೋ.

ಮೂವತ್ತು ಹಲಗೆಗಳು ಎರಡು ದಿನದಲ್ಲಿ ನಿಂತವು. ನೋಡಲು ಬಂದವರೆಲ್ಲ ಬೆರಗಾದರು. ಆದರೆ ಆ ಎರಡು ದಿನಕ್ಕೆ ಮೊದಲು ಆರು ವಾರ ನಕ್ಷೆಯ ಮೇಲೇ ಕೂತಿದ್ದೆವು. ಪ್ರತಿ ಕಿಟಕಿ, ಪ್ರತಿ ಸ್ವಿಚ್ಚು, ಗೀಸರ್ ತೂಗುವ ಜಾಗ, ತೊಲೆ ಬಂದು ಕೂರುವ ಕಡೆ ಒಳಗೆ ಇರಬೇಕಾದ ಮರದ ಕಂಬ, ಎಲ್ಲವೂ ಕಾರ್ಖಾನೆಗೆ ನಕ್ಷೆ ಹೋಗುವ ಮೊದಲು ನಿರ್ಧಾರವಾಗಬೇಕು. ಕಟ್ಟುತ್ತಾ ಯೋಚಿಸುವ ಅಭ್ಯಾಸ ಇದ್ದವರಿಗೆ ಇದು ಒಗ್ಗುವುದಿಲ್ಲ.

ಇದರ ಹಿಂದಿನ ಕಾರಣ ಒಂದು ಘಟನೆಯಿಂದ ಸ್ಪಷ್ಟವಾಗುತ್ತದೆ. ಅಡುಗೆಮನೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಹೆಚ್ಚಿಗೆ ಬೇಕಾಗಿತ್ತು. ಎಲೆಕ್ಟ್ರಿಷಿಯನ್ ಗೋಡೆಯ ಮೇಲೆ ಅಡ್ಡಕ್ಕೆ ಎರಡು ಮೀಟರ್ ಗೆರೆ ಎಳೆದು ಕಟರ್ ಕೈಗೆತ್ತಿಕೊಂಡಿದ್ದ. ಸಿಪ್ ಹಲಗೆ ಕೆಲಸ ಮಾಡುವುದು ಕಬ್ಬಿಣದ ಐ ತೊಲೆಯ ಹಾಗೆ. ಭಾರ ಹೊರುವುದು ಹೊರಗಿನ ಎರಡು ತೆಳು ಹಲಗೆ, ನಡುವಿನ ಥರ್ಮೋಕೋಲು ಅವೆರಡನ್ನೂ ಬಾಗದಂತೆ ಹಿಡಿದಿಡುತ್ತದೆ. ಅಡ್ಡಕ್ಕೆ ಕೊಯ್ದರೆ ಚಾವಣಿಯ ಭಾರ ಇಳಿಯುವ ದಾರಿಯನ್ನೇ ಕೊಯ್ದ ಹಾಗೆ. "ಅಣ್ಣಾ, ನಿಲ್ಲಿಸಿ, ಒಳಗೆ ಕೊಳವೆ ಇದೆ," ಎಂದು ತಡೆದು, ಕಾರ್ಖಾನೆಯವರೇ ಥರ್ಮೋಕೋಲಿನೊಳಗೆ ಕೊರೆದು ಕಳಿಸಿದ್ದ ಅಡ್ಡ ಕಿಂಡಿಯನ್ನು ತೋರಿಸಿದೆ. ಪೆಟ್ಟಿಗೆಗೆ ಬೇಕಾದಷ್ಟು ತೂತು ಮಾತ್ರ ಕೊರೆದು, ಅದರೊಳಗೆ ಪೈಪು ತೂರಿಸಿ ವೈರು ಎಳೆದ. ಪೈಪು ಬೇಕೇ ಬೇಕು: ವೈರಿನ ಪಿವಿಸಿ ಹೊದಿಕೆ ಥರ್ಮೋಕೋಲಿಗೆ ವರ್ಷಗಟ್ಟಲೆ ತಾಗಿಕೊಂಡಿದ್ದರೆ ಅದರ ಮೆದುತನ ಹೋಗಿ ಬಿರುಸಾಗುತ್ತದೆ. ಕೆಳಗಿನ ಐಸಿಎಫ್ ಗೋಡೆಯಲ್ಲಾದರೆ ಥರ್ಮೋಕೋಲಿನಲ್ಲಿ ಬಿಸಿ ಚಾಕುವಿನಿಂದ ಬೇಕಾದ ಕಡೆ ವೈರಿಗೆ ಕಾಲುವೆ ಕೊರೆಯಬಹುದು, ಭಾರ ಹೊರುವುದು ಒಳಗಿನ ಕಾಂಕ್ರೀಟು.

ಸಿಪ್ಪಿನ ಜೀವ ಇರುವುದು ಸಂದುಗಳಲ್ಲಿ. ನಮ್ಮ ಮೂವತ್ತು ಹಲಗೆಗಳ ನಡುವಿನ ನಿಲುವು ಸಂದು 78 ಮೀಟರ್, ಕೆಳಗೆ ಮೇಲೆ ಸೇರಿ 72, ಒಟ್ಟು 150 ಮೀಟರ್. ಮನೆಯೊಳಗಿನ ಬೆಚ್ಚನೆಯ ಗಾಳಿಯಲ್ಲಿ ತೇವ ಇರುತ್ತದೆ. ಚಳಿಯ ದಿನ ಅದು ಸಂದಿನಲ್ಲಿ ನುಗ್ಗಿ ಹೊರ ಹಲಗೆಯ ತಣ್ಣನೆಯ ಹಿಂಬದಿಗೆ ತಾಗಿದರೆ ಅಲ್ಲಿ ನೀರಾಗುತ್ತದೆ, ಓಎಸ್‌ಬಿ ನೆನೆದು ಕೊಳೆಯುತ್ತದೆ. ಸೆಕೆಯ ಊರಿನಲ್ಲಿ ಒಳಗೆ ಎಸಿ ಹಾಕಿದರೆ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ಅಲಾಸ್ಕಾದ ಜೂನೋದಲ್ಲಿ ಸಿಪ್ ಚಾವಣಿಗಳು ಕೊಳೆತದ್ದು 2001ರ ಸುಮಾರಿಗೆ ಬೆಳಕಿಗೆ ಬಂತು. ಕೊಳೆ ಹಲಗೆಯ ನಡುಭಾಗದಲ್ಲಿರಲಿಲ್ಲ, ಸರಿಯಾಗಿ ಮುಚ್ಚದ ಸಂದುಗಳ ಉದ್ದಕ್ಕೂ ಇತ್ತು.

ಇದನ್ನು ತಿಳಿದಿದ್ದರಿಂದ ಜಿಪ್ಸಮ್ ಹಲಗೆ ಮುಚ್ಚುವ ಮೊದಲೇ ಗಾಳಿ ಸೋರಿಕೆಯ ಪರೀಕ್ಷೆ ಮಾಡಿಸಬೇಕೆಂದು ಹಟ ಹಿಡಿದೆ. ಮುಚ್ಚಿದ ಮೇಲೆ ಮಾಡಿಸಿದರೆ ಅಂಕಿ ಸಿಗುತ್ತದೆ, ಸಂದಿಗೆ ಕೈ ಎಟುಕುವುದಿಲ್ಲ. ಬಾಗಿಲಿಗೆ ಬಟ್ಟೆಯ ಚೌಕಟ್ಟು ಬಿಗಿದು, ಅದರಲ್ಲಿ ಫ್ಯಾನ್ ಇಟ್ಟು, ಒಳಹೊರಗಿನ ಒತ್ತಡದ ಅಂತರ 50 ಪ್ಯಾಸ್ಕಲ್ ಆಗುವವರೆಗೆ ಗಾಳಿ ಎಳೆಯುತ್ತಾರೆ. ಮನೆಯ ಗಾತ್ರ 432 ಘನ ಮೀಟರ್. ಮೊದಲ ಸಲ ಗಂಟೆಗೆ 1300 ಘನ ಮೀಟರ್ ಸೋರಿತು, ಅಂದರೆ ಮನೆಯ ಗಾಳಿ ಗಂಟೆಗೆ ಮೂರು ಸಲ ಬದಲಾದ ಹಾಗೆ. ಹೊಗೆಯ ಕಡ್ಡಿ ಹಿಡಿದು ಸಂದುಗಳ ಉದ್ದಕ್ಕೂ ನಡೆದೆವು. ಐಸಿಎಫ್ ಗೋಡೆಯಲ್ಲಿ ಕಿಟಕಿ ಚೌಕದ ಅಂಚು ಬಿಟ್ಟರೆ ಹೊಗೆ ಅಲ್ಲಾಡಲಿಲ್ಲ. ಮೇಲೆ, ಎರಡು ಮೂಲೆಗಳಲ್ಲಿ ಹೊಗೆ ನೆಟ್ಟಗೆ ಒಳಕ್ಕೆ ಬಾಗಿತು. ತಳದ ಮರಪಟ್ಟಿ ಸ್ಲ್ಯಾಬಿಗೆ ಕೂರುವ ಕಡೆ ಏಳೆಂಟು ಅಡಿ ಉದ್ದಕ್ಕೂ ಹಾಗೇ. ಸ್ಲ್ಯಾಬ್ ಅಲ್ಲಿ ತುಸು ತಗ್ಗಿತ್ತು, ಮರಪಟ್ಟಿಯ ಕೆಳಗೆ ಎಳೆದ ಸೀಲಂಟ್ ಪಟ್ಟೆ ನೆಲಕ್ಕೆ ತಾಗಿರಲೇ ಇಲ್ಲ. ಮೂಲೆಗಳಲ್ಲಿ ಕೊನೆಯ ಹಲಗೆಗಳನ್ನು ಸಂಜೆ ಅವಸರದಲ್ಲಿ ಕೂಡಿಸಿದ್ದರು, ನೊರೆ ಅರ್ಧ ಎತ್ತರಕ್ಕೇ ನಿಂತಿತ್ತು.

ಸಂದಿನ ಉದ್ದಕ್ಕೂ ಸಣ್ಣ ತೂತು ಕೊರೆದು ನೊರೆ ತುಂಬಿ, ತಳಕ್ಕೆ ಮೆತುವಾದ ಸೀಲಂಟ್ ಒತ್ತಿ, 150 ಮೀಟರ್ ಸಂದಿಗೂ ಒಳಗಡೆಯಿಂದ ಸಿಪ್ ಟೇಪ್ ಅಂಟಿಸಿದೆವು. ಮೂರು ದಿನ ಹಿಡಿಯಿತು, ಗೋಡೆ ನಿಲ್ಲಿಸಿದ್ದಕ್ಕಿಂತ ಒಂದು ದಿನ ಹೆಚ್ಚು. ಎರಡನೆಯ ಪರೀಕ್ಷೆಯಲ್ಲಿ 650 ಬಂತು, ಅರ್ಧಕ್ಕೆ ಇಳಿದಿತ್ತು. ಇಷ್ಟು ಬಿಗಿಯಾದ ಮನೆಗೆ ಗಾಳಿ ತಾನಾಗಿ ಬರುವುದಿಲ್ಲ. ಹೊಸ ಗಾಳಿ ಒಳಗೆ ತಂದು ಹಳೆಯದನ್ನು ಹೊರಗೆ ಕಳಿಸುವ ಯಂತ್ರವನ್ನು ಮೊದಲೇ ಲೆಕ್ಕದಲ್ಲಿ ಇಟ್ಟಿದ್ದೆವು. ಅದಿಲ್ಲದೆ ಇಂಥ ಗೋಡೆ ಕಟ್ಟಿದರೆ ಸ್ನಾನದ ಮನೆಯ ಮೂಲೆಯಲ್ಲಿ ಬೂಸು ಬರುವುದು ಖಂಡಿತ.

ಶಾಖ ತಡೆಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಒಳಹೊರಗೆ 10 ಡಿಗ್ರಿ ಅಂತರವಿದ್ದರೆ 230 ಮಿ.ಮೀ. ಇಟ್ಟಿಗೆ ಗೋಡೆಯ ಒಂದು ಚದರ ಮೀಟರಿನಲ್ಲಿ ಸುಮಾರು 20 ವ್ಯಾಟ್ ಶಾಖ ಹಾಯುತ್ತದೆ. ಈ ಎರಡರಲ್ಲಿ ಎರಡೂವರೆಯಿಂದ ಮೂರು ವ್ಯಾಟ್. ಐಸಿಎಫ್ ಒಳಗಿನ ಕಾಂಕ್ರೀಟು ಹಗಲಿನ ಬಿಸಿ ಹೀರಿ ರಾತ್ರಿ ಕೊಡುತ್ತದೆ ಎಂದು ಮಾರುವವರು ಹೇಳುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೋಣೆಗೂ ಕಾಂಕ್ರೀಟಿಗೂ ನಡುವೆ 63 ಮಿ.ಮೀ. ಥರ್ಮೋಕೋಲು ಇದೆ, ಕೋಣೆಯ ಬಿಸಿ ಅದನ್ನು ದಾಟಿ ಹೋಗುವುದೇ ಕಡಿಮೆ. ನಮಗೆ ಸಿಕ್ಕ ಸ್ಪಷ್ಟ ಲಾಭ ಸದ್ದಿನದು. ಕೆಳಗೆ ಹೊರಗಿನ ಗದ್ದಲ ಕೇಳುವುದೇ ಇಲ್ಲ. ಮೇಲೆ ಕೇಳುತ್ತದೆ, ಹಗುರ ಗೋಡೆ ಸದ್ದನ್ನು ಹೆಚ್ಚು ತಡೆಯುವುದಿಲ್ಲ. ಮಲಗುವ ಕೋಣೆಯ ಒಂದು ಗೋಡೆಗೆ ಎರಡು ಪದರ ಜಿಪ್ಸಮ್ ಹಾಕಿಸಿದ ಮೇಲೆ ತುಸು ವಾಸಿ. ಜಿಪ್ಸಮ್ ಹೇಗೂ ಬೇಕು. ಥರ್ಮೋಕೋಲಿಗೆ ಬೆಂಕಿ ತಾಗದಂತೆ ಕೋಣೆಯ ಕಡೆ ಕನಿಷ್ಠ 12.5 ಮಿ.ಮೀ. ಹಲಗೆ ಮುಚ್ಚಲೇಬೇಕು, ಅಂತಸ್ತು ಯಾವುದಾದರೂ ಸರಿ.

ಆಮೇಲೆ ಬದಲಾಯಿಸುವ ವಿಷಯದಲ್ಲಿ ಎರಡೂ ಬಿಗಿ. ಕೆಳಗೆ ಒಂದು ಬಾಗಿಲು ತೆರೆಯಬೇಕೆಂದರೆ ಕಂಬಿ ಹಾಕಿದ ಕಾಂಕ್ರೀಟನ್ನೇ ಕೊಯ್ಯಬೇಕು. ಮೇಲೆ ಕೊಯ್ಯುವುದು ಸುಲಭ, ಆದರೆ ಭಾರದ ಲೆಕ್ಕ ಇಂಜಿನಿಯರ್ ಮತ್ತೆ ಹಾಕಬೇಕು. ಸಣ್ಣ ಕೆಲಸಗಳಿಗೆ ಸಿಪ್ಪೇ ಹಿತ, ಓಎಸ್‌ಬಿಯಲ್ಲಿ ಎಲ್ಲಿ ಬೇಕಾದರೂ ಸ್ಕ್ರೂ ಹಿಡಿಯುತ್ತದೆ. ಕೆಳಗೆ ಪುಸ್ತಕದ ಕಪಾಟು ತೂಗಿಹಾಕಲು 20 ಸೆಂ.ಮೀ.ಗೊಂದು ಬರುವ ಪ್ಲಾಸ್ಟಿಕ್ ಪಟ್ಟಿಯನ್ನೇ ಹುಡುಕಬೇಕಾಯಿತು. ಜಿಪ್ಸಮ್ ಮುಚ್ಚುವ ಮೊದಲು ಪ್ರತಿ ಗೋಡೆಯ ಮೇಲೂ ಅಳತೆ ಟೇಪು ಹಿಡಿದು ಫೋಟೋ ತೆಗೆದಿಟ್ಟಿದ್ದರಿಂದ ಕೆಲಸ ಹಗುರವಾಯಿತು.

ಸೋರಿದ್ದ ಆ ಎರಡು ಮೂಲೆಗಳಲ್ಲಿ ಹೊರ ಹೊದಿಕೆಯ ಹಿಂದೆ ಕೈ ತೂರುವಷ್ಟು ಸಣ್ಣ ಮುಚ್ಚಳ ಇಡಿಸಿದ್ದೇನೆ. ವರ್ಷಕ್ಕೆ ಎರಡು ಸಲ ಮುಚ್ಚಳ ತೆಗೆದು ಓಎಸ್‌ಬಿಗೆ ತೇವದ ಮೀಟರ್ ಚುಚ್ಚುತ್ತೇನೆ. ತೇವ ಶೇಕಡಾ 20 ದಾಟಿದರೆ ಕೊಳೆಯ ಭಯ. ಮೊದಲ ವರ್ಷ ಒಂದು ಮೂಲೆಯಲ್ಲಿ 16 ಇತ್ತು, ಇನ್ನೊಂದರಲ್ಲಿ 14. ಎರಡನೆಯ ವರ್ಷ 13, 12. ಮೊನ್ನೆ ನೋಡಿದಾಗ ಎರಡೂ 12.